ದೀಪ ಹಚ್ಚಿದ ಮೇಲೆ ತಲೆಗೆ ನೀರು

ನನ್ನ ತಲೆಗೂದಲು ನಾಲ್ಕು ಬೆರಳು ಉದ್ದ. ಅದಕ್ಕಿಂತ ಒಂದು ಬೆರಳು ಹೆಚ್ಚು ಬೆಳೆದರೂ ನನಗೆ ತಡೆಯುವುದಿಲ್ಲ. ಬೋಡಿನಾಯಕನೂರಿನ ಬಸ್ ನಿಲ್ದಾಣದ ಹಿಂದೆ ಗಂಡಸರ ಸಲೂನ್ ಒಂದಿದೆ, ಅಲ್ಲಿಗೆ ಹೋಗಿ ಕತ್ತರಿಸಿಕೊಂಡು ಬರುತ್ತೇನೆ. ಸೀರೆ ಉಟ್ಟ ನಲವತ್ತಾರು ವರ್ಷದ ಹೆಂಗಸು ಗಂಡಸರ ನಡುವೆ ಕೂತು ಕತ್ತಿನ ಹಿಂದೆ ಮಿಷನ್ ಹಾಕಿಸಿಕೊಳ್ಳುವುದನ್ನು ನೋಡಿ ಹೊಸಬರು ಬಾಯಿ ಬಿಡುತ್ತಾರೆ. ಬಿಡಲಿ. ಬಾಯಿ ಅವರದು, ತಲೆ ನನ್ನದು.

ಇದು ಶುರುವಾದದ್ದು ಹರಕೆಯಿಂದ. ಅವ್ವನ ಕಣ್ಣಿನ ಪೊರೆ ತೆಗೆಸುವಾಗ ನನಗೆ ದಿಗಿಲಾಗಿತ್ತು. ಕಣ್ಣು ಸರಿಯಾದರೆ ಪಳನಿಗೆ ಬಂದು ಮುಡಿ ಕೊಡುತ್ತೇನೆ ಎಂದು ಬೇಡಿಕೊಂಡೆ. ನಮ್ಮಲ್ಲಿ ಹೆಂಗಸರು ಮೂರು ಬೆರಳಷ್ಟು ಕೂದಲು ಕತ್ತರಿಸಿ ಕೊಟ್ಟು ಬರುವುದೇ ಹೆಚ್ಚು. ನಾನು ಮಾತ್ರ ಪೂರ್ತಿ ಕೊಟ್ಟೆ. ಸೊಂಟದವರೆಗೆ ಇದ್ದ ಜಡೆ ಕೆಳಗೆ ಬಿದ್ದಾಗ ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಬೋಳು ತಲೆಗೆ ಗಂಧ ಮೆತ್ತಿಸಿಕೊಂಡು ಬೆಟ್ಟ ಇಳಿಯುವಾಗ ಕುತ್ತಿಗೆ ಎಷ್ಟು ಹಗುರವಾಗಿತ್ತೆಂದರೆ, ಇಷ್ಟು ವರ್ಷ ಯಾರ ಹೊರೆ ಹೊತ್ತಿದ್ದೆ ಅನ್ನಿಸಿತು. ಕೂದಲು ನಾಲ್ಕು ಬೆರಳಿಗೆ ಬಂದ ದಿನ ಕನ್ನಡಿಯಲ್ಲಿ ನೋಡಿಕೊಂಡೆ. ಚೆನ್ನಾಗಿದ್ದೆ. ಹೇಳಿಕೊಳ್ಳಲು ನಾಚಿಕೆ ಏನು, ನಿಜಕ್ಕೂ ಚೆನ್ನಾಗಿದ್ದೆ. ಅಲ್ಲಿಗೇ ನಿಲ್ಲಿಸಿದೆ.

ಅವ್ವನಿಗೆ ಕಣ್ಣು ಬಂತು. ಬಂದ ಕಣ್ಣಲ್ಲಿ ಮೊದಲು ನೋಡಿದ್ದು ನನ್ನ ತಲೆಯನ್ನೇ.

"ಯಾವಾಗ ಬೆಳೀತದೆ ಇದು?" ಅಂದಳು.

"ಬೆಳೆಯಲ್ಲ. ಬೆಳೆಸೋದಿಲ್ಲ," ಅಂದೆ.

"ನೋಡ್ದೋರು ಏನಂತಾರೆ?"

"ನೋಡ್ದೋರು ನೋಡ್ಕೊಂಡು ಹೋಗ್ತಾರೆ, ಬಿಡವ್ವಾ."

ಮನೆಯಲ್ಲಿ ಇರುವುದು ನಾವಿಬ್ಬರೇ. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ನನಗೆ ಮದುವೆ ಆಗಲಿಲ್ಲ. ಯಾಕೆ ಎಂದು ಊರೆಲ್ಲ ಕೇಳಿ ಮುಗಿಸಿದೆ, ನೀವೂ ಕೇಳಬೇಡಿ. ಕಾಮಯಗೌಂಡನ್‌ಪಟ್ಟಿಯಲ್ಲಿ ನಮಗೆ ಒಂದು ತುಂಡು ದ್ರಾಕ್ಷಿ ತೋಟ, ಎರಡು ಅಂಕಣದ ಮನೆ. ತಲೆಮಾರುಗಳ ಹಿಂದೆ ಈ ತಮಿಳು ಕಣಿವೆಗೆ ಬಂದು ನೆಲೆಸಿದ ಕನ್ನಡದವರು ನಾವು. ನನ್ನ ಕೆಲಸ ಮಾತ್ರ ಬೋಡಿಯಲ್ಲಿ, ಏಲಕ್ಕಿ ಮಂಡಿಯಲ್ಲಿ. ದಿನಾ ಬಸ್ಸಿನಲ್ಲಿ ಹೋಗಿ ಬರುವುದು.

ಅವ್ವ ಅದೇ ಮಂಡಿಯಲ್ಲಿ ಮೂವತ್ತು ವರ್ಷ ಕಾಯಿ ಆರಿಸಿದವಳು. ಅವಳ ಬೆನ್ನು ಬಾಗಿದ ಮೇಲೆ ಅವಳ ಜಾಗದಲ್ಲಿ ನಾನು ಕೂತೆ. ಆರಿಸುವುದು ಎಂದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮುಂದೆ ರಾಶಿ ಸುರಿದುಕೊಂಡು, ಒಡೆದ ಕಾಯಿ ಬೇರೆ, ಬಿಳುಚಿದ್ದು ಬೇರೆ, ದಪ್ಪ ಹಸಿರು ಕಾಯಿ ಬೇರೆ ಮಾಡುವುದು. ಇಪ್ಪತ್ತೆರಡು ವರ್ಷ ಮಾಡಿದೆ. ಕಾಯಿ ಅಂಗೈಗೆ ಬಿದ್ದರೆ ಸಾಕು, ಯಾವ ಎತ್ತರದ ತೋಟದ್ದು, ಒಣಗಿಸುವಾಗ ಬೆಂಕಿ ಹೆಚ್ಚಾಯಿತೋ ಇಲ್ಲವೋ ಹೇಳುತ್ತಿದ್ದೆ. ಇದನ್ನು ಮಂಡಿಯ ಯಜಮಾನರು ಗಮನಿಸಿದ್ದರು. ಎಲ್ಲರೂ ಮುದಲಾಳಿ ಎಂದೇ ಕರೆಯುವ ಅವರು ಮಾತು ಕಡಿಮೆಯ ಮನುಷ್ಯ. ಅವರ ಪರವಾಗಿ ಹರಾಜಿನಲ್ಲಿ ಕೂತು ಏಲಕ್ಕಿ ಕೊಳ್ಳುತ್ತಿದ್ದವನು ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ಸ್ವಂತ ವ್ಯಾಪಾರ ಎಂದು ಬಿಟ್ಟು ಹೋದ. ಮರುದಿನ ನನ್ನನ್ನು ಕರೆದರು.

"ಏಮ್ಮಾ, ಹರಾಜಿಗೆ ನೀನು ಕೂರ್ತೀಯಾ? ದೀಪಾವಳಿವರೆಗೆ ನೋಡೋಣ."

ಹೂಂ ಎಂದು ತಲೆ ಆಡಿಸಿದೆ.

ಆ ಹರಾಜು ಕೋಣೆಯಲ್ಲಿ ಆಗ ಹೆಂಗಸು ಎಂದರೆ ನಾನೊಬ್ಬಳೇ. ಬಿಳಿ ಅಂಗಿ, ಬಿಳಿ ಪಂಚೆಯ ಗಂಡಸರ ಸಾಲು. ಪ್ರತಿಯೊಬ್ಬರ ಮುಂದೆ ಒಂದು ಕಂಪ್ಯೂಟರ್. ಮಾದರಿ ಕಾಯಿ ಕೈಗೆ ಬರುತ್ತದೆ. ನೋಡಬೇಕು, ಮೂಸಬೇಕು, ಸುಲಿದು ಒಳಗಿನ ಬೀಜ ಕಪ್ಪಗಿದೆಯೇ ನೋಡಬೇಕು. ಅಷ್ಟರಲ್ಲಿ ಪರದೆಯ ಮೇಲೆ ಬೆಲೆ ಏರುತ್ತಿರುತ್ತದೆ, ಬೆರಳು ಗುಂಡಿಯ ಮೇಲೇ ಇರಬೇಕು. ಕಣ್ಣು ರೆಪ್ಪೆ ಹೊಡೆಯುವಷ್ಟರಲ್ಲಿ ಸರಕು ಇನ್ನೊಬ್ಬರದು.

ಅಂಥ ಕಡೆಗೆ ಕೆದರಿದ ತಲೆಯಲ್ಲಿ ಹೋಗಲಿಕ್ಕಾಗುತ್ತದೆಯೇ? ನನ್ನ ಕೂದಲು ಗುಂಗುರು, ಗಿಡ್ಡ ಮಾಡಿದರೆ ಮುಳ್ಳಿನ ಹಾಗೆ ನಿಲ್ಲುತ್ತದೆ. ಮೇಲಾಗಿ ನಮ್ಮ ಕಣಿವೆಯ ಆಡಿ ಗಾಳಿ. ಬಸ್ಸಿನ ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ತಲೆ ಹುಲ್ಲಿನ ಬಣವೆ. ದಿಂಡಿಗಲ್‌ನಲ್ಲಿ ನೆಂಟರ ಮನೆಗೆ ಹೋದಾಗ ಅಲ್ಲಿಯ ಫ್ಯಾನ್ಸಿ ಸ್ಟೋರಿನಲ್ಲಿ ಮೂರು ಸಾಮಾನು ಕೊಂಡೆ. ಒಂದು ಡಬ್ಬಿ ಜೆಲ್, ಒಂದು ಪುಟ್ಟ ಡಬ್ಬಿ ವ್ಯಾಕ್ಸ್, ಒಂದು ಸ್ಪ್ರೇ. ಬೆಳಿಗ್ಗೆ ಕೂದಲು ಒದ್ದೆ ಮಾಡಿ ಜೆಲ್ ಹಚ್ಚಿ ಹಿಂದಕ್ಕೆ ಬಾಚುವುದು. ಮುಂದಿನ ತುದಿಗಳಿಗೆ ವ್ಯಾಕ್ಸ್ ತೀಡಿ ಕೂರಿಸುವುದು. ಕೊನೆಗೆ ಬಸ್ಸಿನ ಗಾಳಿಗೆ ಅಲ್ಲಾಡದಂತೆ ಮೇಲಿನಿಂದ ಸ್ಪ್ರೇ. ಆಹಾ, ಏನು ಠೀವಿ! ಮೊದಲ ದಿನ ಹರಾಜಿನ ಕೋಣೆಗೆ ಕಾಲಿಟ್ಟಾಗ ಮಾತೆಲ್ಲ ನಿಂತಿತು. ಹೆಂಗಸು ಬಂದಳು ಎಂದಷ್ಟೇ ಅಲ್ಲ, ಇವಳನ್ನು ಹಗುರವಾಗಿ ನೋಡುವ ಹಾಗಿಲ್ಲ ಎಂದೂ ನಿಂತಿತು. ನಾನು ಹಾಗೆಂದೇ ನಂಬಿದ್ದೇನೆ.

ಸಂಜೆ ಮನೆಗೆ ಬಂದರೆ ಅವ್ವನ ಪ್ರಶ್ನೆಗಳ ಮಳೆ. ಅವಳು ಮೂವತ್ತು ವರ್ಷ ಮಂಡಿಯಲ್ಲಿದ್ದರೂ ಹರಾಜು ಕೋಣೆಯ ಒಳಗೆ ಕಾಲಿಟ್ಟವಳಲ್ಲ.

"ಕುರ್ಚಿಗೆ ಕೈ ಇಟ್ಕೊಳೋಕೆ ಜಾಗ ಐತಾ?"

"ಐತೆ."

"ತಿರುಗ್ತದಾ?"

"ತಿರುಗ್ತದೆ."

"ಅಮ್ಮಾಡಿ!" ಎಂದು ಮೂಗಿನ ಮೇಲೆ ಬೆರಳಿಡುತ್ತಿದ್ದಳು. ಮರುದಿನ ಮತ್ತೆ ಅದನ್ನೇ ಕೇಳುತ್ತಿದ್ದಳು. ಮರೆತು ಕೇಳಿದ್ದಲ್ಲ, ಕೇಳುವ ಖುಷಿಗೆ ಕೇಳಿದ್ದು.

ತಪ್ಪು ನಡೆದದ್ದು ಎಲ್ಲಿ ಎಂದು ಈಗ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಹೆಂಗಸರು ತಲೆಗೆ ನೀರು ಹೊಯ್ದುಕೊಳ್ಳುವುದು ಮಂಗಳವಾರ ಮತ್ತು ಶುಕ್ರವಾರ, ಅದೂ ಬೆಳಿಗ್ಗೆ. ಜಡೆ ಇದ್ದಾಗಿನ ಕಟ್ಟಳೆ ಅದು. ಜಡೆ ಹೋಯಿತು, ಕಟ್ಟಳೆ ಉಳಿಯಿತು. ಅಂದರೆ ಶುಕ್ರವಾರ ಹಚ್ಚಿದ ಜೆಲ್ ಮಂಗಳವಾರದವರೆಗೆ ತಲೆಯಲ್ಲೇ ಇರುತ್ತಿತ್ತು. ಶನಿವಾರ ಅದರ ಮೇಲೆ ಇನ್ನೊಂದು ಪದರ, ಸೋಮವಾರ ಮತ್ತೊಂದು. ಹರಾಜಿಗೆ ಮೊದಲು ಬೆಳಿಗ್ಗೆ ಮಂಡಿಯಲ್ಲಿ ಜರಡಿ ಹಿಡಿಯುವುದನ್ನು ನೋಡುವುದೂ ನನ್ನ ಕೆಲಸವೇ. ಅಲ್ಲಿ ಏಲಕ್ಕಿಯ ಒಣ ತೊಟ್ಟು, ಹೂವಿನ ಚೂರು, ಸಿಪ್ಪೆಯ ದೂಳು ಹಾರುತ್ತಲೇ ಇರುತ್ತದೆ. ಬೇರೆಯವರ ತಲೆಯ ಮೇಲೆ ಕೂತದ್ದು ಕೊಡವಿದರೆ ಹೋಗುತ್ತಿತ್ತು, ನನ್ನ ತಲೆಗೆ ಬಿದ್ದದ್ದು ಅಂಟಿಕೊಂಡು ಕೂರುತ್ತಿತ್ತು. ಸಂಜೆ ಕೈಯಾಡಿಸಿದರೆ ಬೆರಳು ಬೆಲ್ಲದ ಪಾಕಕ್ಕೆ ಇಟ್ಟ ಹಾಗೆ ಅಂಟಂಟು.

ಮೂರನೇ ವಾರಕ್ಕೆ ತುರಿಕೆ ಶುರುವಾಯಿತು. ಮೊದಲು ಕಿವಿಯ ಹಿಂದೆ, ಆಮೇಲೆ ನೆತ್ತಿ, ಆಮೇಲೆ ಎಲ್ಲೆಂದರಲ್ಲಿ. ಹೆಗಲ ಮೇಲೆ ಬಿಳಿ ಪುಡಿ ಉದುರತೊಡಗಿತು. ಹೊಟ್ಟು ಅಂದುಕೊಂಡೆ. ಅದು ಕಾಣದಿರಲಿ ಎಂದು ಇನ್ನಷ್ಟು ಜೆಲ್ ಬಳಿದೆ. ಕೆರೆದು ಕೆರೆದು ಉಗುರು ತಾಗಿದ ಜಾಗಕ್ಕೆ ಬೆಳಿಗ್ಗೆ ಸ್ಪ್ರೇ ಬಿದ್ದರೆ, ಅಯ್ಯೋ, ಮೆಣಸಿನಪುಡಿ ಉಜ್ಜಿದ ಹಾಗೆ ಉರಿ. ಹಲ್ಲು ಕಚ್ಚಿ ಬಸ್ ಹತ್ತುತ್ತಿದ್ದೆ.

ಅವ್ವ ತಲೆ ಮುಟ್ಟಿ ನೋಡಿ ತೀರ್ಪು ಕೊಟ್ಟಳು.

"ಇದು ಮೈಸೂಡು ಕಣೇ. ಏಲಕ್ಕಿ ಮೂಸಿ ಮೂಸಿ ಸೂಡು ತಲೆಗೇರೈತೆ."

ನಮ್ಮ ಕಡೆ ಯಾವ ಕಾಯಿಲೆಗೂ ಕಾರಣ ಸೂಡೇ, ಮೈಯ ಉಷ್ಣ. ಅದಕ್ಕೆ ಮದ್ದು ಹರಳೆಣ್ಣೆ. ರಾತ್ರಿ ಊಟವಾದ ಮೇಲೆ ಅಂಗೈ ತುಂಬ ಎಣ್ಣೆ ಸುರಿದು ನೆತ್ತಿಗೆ ತಟ್ಟಿದಳು. ಜೆಲ್ಲು, ವ್ಯಾಕ್ಸು, ದೂಳು, ಬೆವರು, ಎಲ್ಲದರ ಮೇಲೆ ದಪ್ಪ ಎಣ್ಣೆ. ಒಂದು ಗಳಿಗೆ ತಂಪಾಯಿತು, ಸುಳ್ಳು ಹೇಳಬಾರದು. ಆದರೆ ಬೆಳಿಗ್ಗೆ ಏಳುವಷ್ಟರಲ್ಲಿ ದಿಂಬಿನ ಚೀಲದ ಮೇಲೆ ಕಂದು ಕಲೆ, ಅದರಲ್ಲಿ ಎರಡು ಹನಿ ರಕ್ತ. ನಿದ್ದೆಯಲ್ಲಿ ಕೆರೆದುಕೊಂಡಿದ್ದೆ. ದಿಂಬಿನ ಚೀಲವನ್ನು ಅವ್ವನಿಗೆ ಕಾಣದಂತೆ ಮಡಿಸಿಟ್ಟು, ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಅದರ ಮೇಲೇ ಜೆಲ್ ಹಚ್ಚಿಕೊಂಡು ಹೊರಟೆ. ಎಂಥ ಪೆದ್ದಿ ನಾನು!

ಅವತ್ತೇ ಆಯಿತು ಅನಾಹುತ. ಮುದಲಾಳಿ ಒಂದು ಸರಕನ್ನು ಗುರುತು ಮಾಡಿ ಹೇಳಿದ್ದರು, ಅದನ್ನು ಬಿಡಬಾರದು ಎಂದು. ಎಂಟು ಮಿಲಿಮೀಟರ್ ಜರಡಿಯ ಮೇಲೆ ನಿಂತ ಕಾಯಿ, ಎಲೆಯಷ್ಟು ಹಸಿರು. ಅದರ ನಂಬರು ಪರದೆಗೆ ಬಂದ ಹೊತ್ತಿಗೆ ಸರಿಯಾಗಿ ನೆತ್ತಿಯಲ್ಲಿ ಕೆಂಡ ಇಟ್ಟ ಹಾಗಾಯಿತು. ಕೈ ತಾನಾಗಿ ಮೇಲೆ ಹೋಯಿತು. ಒಂದಲ್ಲ, ಎರಡೂ ಕೈ. ಕಣ್ಣು ಮುಚ್ಚಿ ಕೆರೆದೆ. ಕಣ್ಣು ಬಿಟ್ಟರೆ ಸರಕು ಪಕ್ಕದ ಸಾಲಿನವರ ಪಾಲಾಗಿತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ತಿರುಗಿ ನೋಡಿದೆ, ಎಲ್ಲರ ಕಣ್ಣೂ ಅವರವರ ಪರದೆಯ ಮೇಲಿತ್ತು.

ಸಂಜೆ ಮುದಲಾಳಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಏಮ್ಮಾ, ಹರಾಜಿಗೆ ಎರಡು ಕೈ ಬೇಕು. ತಲೇಲಿ ಒಂದು ಕೈ ಇಟ್ಕೊಂಡು ಕೂರೋಕಾಗಲ್ಲ. ಸರಿ ಮಾಡ್ಕೋ. ಆಗದಿದ್ರೆ ಹೇಳ್ಬಿಡು, ಆರಿಸೋ ಕಡೆ ನಿನ್ನ ಜಾಗ ಇದ್ದೇ ಇದೆ."

ಆರಿಸುವ ಕಡೆ ಜಾಗ. ನೆಲದ ಮೇಲೆ. ನನಗೆ ಕೋಪದಿಂದ ಕಿವಿ ಬಿಸಿಯಾಯಿತು. ಅವರ ಮೇಲಲ್ಲ, ನನ್ನ ತಲೆಯ ಮೇಲೆ. ಅಲ್ಲಿಂದ ನೆಟ್ಟಗೆ ಸಲೂನಿಗೆ ಹೋದೆ, ಪೂರ್ತಿ ಬೋಳಿಸಿಬಿಡಿ ಎಂದು ಹೇಳಲು.

ಸಲೂನಿನವರು ಅರವತ್ತು ದಾಟಿದ ತಮಿಳಿನವರು, ಅವರ ಮಾತನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ. ಬಾಚಣಿಗೆಯ ಬಾಲದಿಂದ ಕೂದಲು ಸೀಳಿ ಸೀಳಿ ನೋಡಿದರು.

"ಅಮ್ಮಾ, ಎಷ್ಟು ದಿನದ ಜೆಲ್ ಇದು?"

"ಇವತ್ತಿಂದು."

"ಅದರ ಕೆಳಗಿಂದು?"

"ನಿನ್ನೇದು."

"ಅದರ ಕೆಳಗೆ?"

ನಾನು ಬೆರಳು ಮಡಿಸಿ ದಿನ ಎಣಿಸತೊಡಗಿದೆ.

"ಮನೆ ಗೋಡೆಗೆ ಹಳೇ ಸುಣ್ಣ ಕೆರೀದೆ ಹೊಸ ಸುಣ್ಣ ಬಳೀತೀರಾ? ಗೋಡೆಗೆ ಮಾಡದ್ದನ್ನ ತಲೆಗೆ ಮಾಡಿದೀರಲ್ಲ, ತಾಯೀ!"

"ಹೊಟ್ಟಾಗಿದೆ ಅಂತ..." ಅಂದೆ.

"ಹೊಟ್ಟಾ? ಬನ್ನಿ, ತೋರಿಸ್ತೀನಿ." ನನ್ನ ಹೆಗಲಿನ ಮೇಲಿದ್ದ ಬಿಳಿ ಚೂರೊಂದನ್ನು ಬೆರಳ ತುದಿಗೆ ಎತ್ತಿಕೊಂಡು, ಬಾಟಲಿಯಿಂದ ಒಂದು ಹನಿ ನೀರು ಬಿಟ್ಟು, ಹೆಬ್ಬೆರಳಿನಿಂದ ತೀಡಿದರು. ಅದು ಲೋಳೆಯಾಗಿ ಕರಗಿಹೋಯಿತು. "ಇದು ಹೊಟ್ಟಲ್ಲ, ಒಣಗಿದ ಜೆಲ್. ಹೊಟ್ಟು ಹೀಗೆ ಕರಗೋದಿಲ್ಲ." ಆಮೇಲೆ ನೆತ್ತಿಯ ಹತ್ತಿರದಿಂದ ಇನ್ನೊಂದು ಚೂರು ತೆಗೆದರು. ಅದಕ್ಕೂ ನೀರು ಬಿಟ್ಟು ತೀಡಿದರು. ಕರಗಲಿಲ್ಲ. "ಇದು ಮಾತ್ರ ನಿಮ್ಮ ಚರ್ಮ," ಅಂದರು.

ಕೆರೆಯಲು ಎದ್ದ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

ಬೋಳಿಸಲು ಅವರು ಒಪ್ಪಲಿಲ್ಲ. ಗಾಯದ ಮೇಲೆ ಕತ್ತಿ ಆಡಿಸುವುದಿಲ್ಲ, ಒಂದೆರಡು ಕಡೆ ಕೀವು ಕಟ್ಟುವ ಹಾಗಿದೆ, ನಾಳೆಯೇ ತೇನಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಖಡಾಖಂಡಿತವಾಗಿ ಹೇಳಿದರು. ಎದ್ದು ಹೊರಟಾಗ ಬಾಗಿಲಿನವರೆಗೆ ಬಂದರು. "ಬೆಳಿಗ್ಗೆ ಹಚ್ಚಿದ್ದನ್ನ ಸಂಜೆ ತೆಗೀಬೇಕು. ಅದರ ಜೊತೆ ಮಲಗಬಾರದು. ಇದು ಆಗದಿದ್ರೆ ಹಚ್ಚಲೇಬೇಡಿ."

ತೇನಿಯ ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಅವರು ಹೇಳಿದ್ದೂ ಅದನ್ನೇ, ಸ್ವಲ್ಪ ಬೈದು ಹೇಳಿದರು. ಹತ್ತು ದಿನ ಜೆಲ್ಲೂ ಇಲ್ಲ, ವ್ಯಾಕ್ಸೂ ಇಲ್ಲ, ಸ್ಪ್ರೇಯೂ ಇಲ್ಲ. ಎಣ್ಣೆ ಸುತರಾಂ ಬೇಡ. ಪ್ರತಿದಿನ ಸಂಜೆ ಮೃದುವಾದ ಶ್ಯಾಂಪೂ ಹಾಕಿ ತೊಳೆದು, ಒಣಗಿದ ಮೇಲೆ ಬರೆದುಕೊಟ್ಟ ಮದ್ದು ಹಚ್ಚಬೇಕು. ಉಗುರು ತಾಗಕೂಡದು. ವಾಸಿಯಾದ ಮೇಲೆ ಬೇಕಿದ್ದರೆ ಮತ್ತೆ ಹಚ್ಚಬಹುದು, ಆದರೆ ಮಲಗುವ ಮುನ್ನ ತೆಗೆಯಲೇಬೇಕು.

ಸುಲಭ ಅನ್ನಿಸುತ್ತದೆ, ಅಲ್ಲವೇ? ಬೋಡಿಯಿಂದ ನನ್ನ ಬಸ್ ಊರು ಮುಟ್ಟುವಾಗ ದೀಪ ಹಚ್ಚಿ ಆಗಿರುತ್ತದೆ. ನಮ್ಮಲ್ಲಿ ದೀಪ ಹಚ್ಚಿದ ಮೇಲೆ ಹೆಂಗಸರು ತಲೆ ಬಾಚುವುದೂ ಇಲ್ಲ, ಇನ್ನು ತಲೆಗೆ ನೀರು! ಆ ಹೊತ್ತಿನಲ್ಲಿ ತಲೆಗೆ ಹೊಯ್ದುಕೊಂಡರೆ ಅದಕ್ಕೆ ಒಂದೇ ಅರ್ಥ. ಎಲ್ಲೋ ಸಾವಾಗಿದೆ.

ತೇನಿಯಿಂದ ಬಂದ ಸಂಜೆ ಬಚ್ಚಲಿಗೆ ಹೋಗಿ ತಂಬಿಗೆ ಎತ್ತಿದ್ದೆ ಅಷ್ಟೇ. ಅವ್ವ ಓಡಿಬಂದು ಕೈ ಹಿಡಿದುಕೊಂಡಳು. ಬೈಯುತ್ತಾಳೆ ಅಂದುಕೊಂಡರೆ ಬೈಯಲಿಲ್ಲ.

"ಬ್ಯಾಡ ಮಗ್ಳೇ. ಈ ಹೊತ್ತಲ್ಲಿ ಬ್ಯಾಡ. ಆ ನೀರಿನ್ ಸದ್ದು ನಂಗೆ ಕೇಳೋಕಾಗಲ್ಲ."

"ಡಾಕ್ಟ್ರು ಹೇಳವ್ರೆ ಅವ್ವಾ."

"ನಿಮ್ಮಪ್ಪ ಹೋದ್ ದಿನ ಹಿಂಗೇ ದೀಪ ಹಚ್ಚೋ ಹೊತ್ತಲ್ಲಿ ನನ್ ತಲೆ ಮ್ಯಾಲೆ ನೀರು ಹೊಯ್ದ್ರು. ಕೊಡ ಕೊಡ ಹೊಯ್ದ್ರು. ಈಗ ಈ ಮನೇಲಿ ನೀ ಒಬ್ಳೇ ಉಳಿದಿರೋಳು. ನಿನ್ ತಲೆ ಮ್ಯಾಲೆ ಆ ಹೊತ್ತಲ್ಲಿ ನೀರು ನೋಡ್ನಾ ನಾನು?"

ತಂಬಿಗೆ ಕೆಳಗಿಟ್ಟೆ. ಇಬ್ಬರೂ ಅತ್ತೆವು.

ನಾಲ್ಕು ದಿನ ಬೆಳಿಗ್ಗೆ ತೊಳೆದು ನೋಡಿದೆ. ಹತ್ತಿದ್ದ ಹಳೆಯ ಪದರವೇನೋ ಅಷ್ಟಿಷ್ಟು ಬಿಟ್ಟಿತು. ಆದರೆ ಮಂಡಿಯ ದೂಳು, ಬಸ್ಸಿನ ಬೆವರು ಹೊತ್ತು ರಾತ್ರಿ ಮಲಗುವುದು ತಪ್ಪಲಿಲ್ಲ. ಕೊಳೆಯ ಮೇಲೆ ಹಚ್ಚಿದ ಮದ್ದು ಏನು ಮಾಡೀತು? ಮತ್ತೆ ಕೆರೆತ, ಮತ್ತೆ ದಿಂಬಿನ ಮೇಲೆ ಹನಿ. ಐದನೆಯ ಸಂಜೆ ಊಟಕ್ಕೆ ಕೂತಾಗ ನನ್ನ ಸಿಟ್ಟು ನೆತ್ತಿಗೇರಿತು.

"ಆಯ್ತವ್ವಾ. ನಾಳೆ ಮುದಲಾಳಿಗೆ ಹೇಳಿಬಿಡ್ತೀನಿ. ಕುರ್ಚಿ ಬ್ಯಾಡ. ನೆಲದ್ ಮ್ಯಾಲೆ ಕೂತು ಕಾಯಿ ಆರಿಸ್ತೀನಿ. ಬೇಗ ಬಸ್ ಸಿಗ್ತದೆ, ಬೆಳಕಿರೋವಾಗ್ಲೇ ಮನೆಗೆ ಬರ್ತೀನಿ. ನಿಂಗೂ ನೆಮ್ಮದಿ."

ಚುಚ್ಚಬೇಕೆಂದೇ ಹೇಳಿದ್ದು. ಅವ್ವ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಪೊರೆ ತೆಗೆದ ಕಣ್ಣು, ಎಲ್ಲ ಕಾಣುತ್ತದೆ. ತಟ್ಟೆಯಲ್ಲೇ ಕೈ ತೊಳೆದು ಎದ್ದು ಒಳಗೆ ಹೋದಳು. ಹೊರಗೆ ಬಂದಾಗ ನಾನು ಮಡಿಸಿಟ್ಟಿದ್ದ ದಿಂಬಿನ ಚೀಲ ಅವಳ ಕೈಯಲ್ಲಿತ್ತು.

"ಇದ್ನ ಬಚ್ಚಿಟ್ಟಿದ್ದೀಯಾ ನನ್ನಿಂದ?"

ನಾನು ತಲೆ ತಗ್ಗಿಸಿದೆ.

"ಆರಿಸೋಕೆ ಹೋಗ್ತಾಳಂತೆ! ಮೂವತ್ತೊರ್ಸ ನಾನು ಬೆನ್ ಮುರ್ಕೊಂಡ್ ಕೂತಿದ್ದು ನೀನೂ ಹಂಗೇ ಕೂರ್ಲಿ ಅಂತಾನಾ? ತಿರುಗೋ ಕುರ್ಚಿ ಬಿಟ್ಟು ಬರ್ತಾಳಂತೆ, ಮಾರಾಯ್ತಿ! ಏಳು ಮ್ಯಾಕೆ. ನೀರ್ ಕಾಯಿಸ್ತೀನಿ."

"ಈಗಾ?"

"ಈಗ್ಲೇ. ನಾನೇ ಹೊಯ್ತೀನಿ. ನನ್ ಕೈಯಿಂದ ಹೊಯ್ದ್ರೆ ಅದು ಸಾವಿನ್ ನೀರು ಹೆಂಗಾಗ್ತದೆ? ಹೆತ್ತೋಳು ಮಗೀಗೆ ನೀರು ಹಾಕ್ದಂಗೆ."

ಅಂದು ಬಚ್ಚಲ ಒಲೆ ಹೊತ್ತಿತು. ಅವ್ವ ಮೊದಲು ಸೀಗೆಪುಡಿಯ ಡಬ್ಬಿ ತಂದಳು. ಅದು ಬೇಡ, ಗಾಯಕ್ಕೆ ಚುರುಗುಟ್ಟುತ್ತದೆ, ತರಿ ತರಿ ಇರುತ್ತದೆ ಎಂದು ಡಾಕ್ಟರು ಕೊಟ್ಟ ಶ್ಯಾಂಪೂ ಕೈಗಿಟ್ಟೆ. ಬಾಟಲಿ ಮೂಸಿ ಮುಖ ಸಿಂಡರಿಸಿದಳು. ಆದರೆ ಕೆಲಸ ಕಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಎರಡೇ ದಿನದಲ್ಲಿ ನನಗೇ ಪಾಠ ಹೇಳತೊಡಗಿದಳು. ನೀರು ಕೈ ಸಹಿಸುವ ಬಿಸಿಗಿಂತ ಕಡಿಮೆ ಇರಬೇಕು, ಬಿಸಿ ಹೆಚ್ಚಾದರೆ ತುರಿಕೆ ಕೆರಳುತ್ತದೆ. ಉಗುರಲ್ಲ, ಬೆರಳಿನ ಮೆತ್ತೆಯಿಂದ ಉಜ್ಜಬೇಕು. ಕಿವಿಯ ಹಿಂದೆ, ಕತ್ತಿನ ಬುಡದಲ್ಲಿ ನೊರೆ ಉಳಿಯಬಾರದು. ಒರೆಸುವಾಗ ತಿಕ್ಕಬಾರದು, ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ಒತ್ತಿ ನೀರು ತೆಗೆಯಬೇಕು. ದಿಂಬಿನ ಚೀಲ ದಿನಾ ಬದಲಾಯಿಸಬೇಕು.

ಇಷ್ಟೆಲ್ಲ ಆದರೂ ಅದು ಗುಟ್ಟಿನ ಸ್ನಾನ. ಬಚ್ಚಲಿಗೂ ಬೀದಿಗೂ ನಡುವೆ ಒಂದೇ ಗೋಡೆ. ಯಾರಿಗೂ ಕೇಳಬಾರದೆಂದು ಅವ್ವ ನೀರನ್ನು ಧಾರೆ ಧಾರೆಯಾಗಿ, ನನ್ನ ತಲೆಗೆ ತಂಬಿಗೆ ಆನಿಸಿ, ಸದ್ದಿಲ್ಲದೆ ಬಿಡುತ್ತಿದ್ದಳು. ನನಗೆ ನಗು ಬಂದರೆ ಬೆನ್ನಿಗೆ ಒಂದು ಗುದ್ದು. ಕಳ್ಳರ ಹಾಗೆ ತಲೆ ತೊಳೆದುಕೊಂಡ ಮನೆ ಈ ಕಣಿವೆಯಲ್ಲಿ ನಮ್ಮದೊಂದೇ ಇರಬೇಕು.

ಹತ್ತು ದಿನ ಕೂದಲು ಹೇಗೆ ನಿಂತಿತೋ ಹಾಗೆಯೇ ಹರಾಜಿಗೆ ಹೋದೆ. ನೋಡಿದರು, ಪಿಸುಗುಟ್ಟಿದರು. ನನ್ನ ಎರಡೂ ಕೈ ಮೇಜಿನ ಮೇಲಿದ್ದವು. ಮುದಲಾಳಿ ಗುರುತು ಮಾಡಿದ ಸರಕು ಒಂದೂ ತಪ್ಪಲಿಲ್ಲ. ಎರಡನೆಯ ವಾರ ಅವರು ಗುರುತು ಮಾಡದ ಒಂದನ್ನು ನಾನೇ ಮೂಸಿ ನೋಡಿ ಹಿಡಿದೆ, ನೋಡಲು ಸಾಧಾರಣ, ಒಳಗೆ ಬೀಜ ಎಣ್ಣೆಯಿಂದ ಹೊಳೆಯುವ ಕಾಯಿ. ಅವರು ಒಂದು ಬೀಜ ಜಗಿದು ನೋಡಿ ಇನ್ನೊಂದು ಬೀಜ ಬಾಯಿಗೆ ಹಾಕಿಕೊಂಡರು. ನನಗೆ ಅಷ್ಟೇ ಸಾಕಾಯಿತು.

ಜೆಲ್ ಇಲ್ಲದೆಯೂ ನಡೆಯಿತಲ್ಲ, ಮತ್ತೆ ಯಾಕೆ ಎಂದು ಕೇಳುವವರಿದ್ದಾರೆ. ಯಾಕೆಂದರೆ ನನಗೆ ಇಷ್ಟ. ಗಾಯ ಮಾಯ್ದ ಮೇಲೆ, ಡಾಕ್ಟರು ಆಗಲಿ ಎಂದ ಮೇಲೆ, ಡಬ್ಬಿ ಮತ್ತೆ ತೆರೆದೆ. ಆದರೆ ಕೈ ಬುದ್ಧಿ ಕಲಿತಿತ್ತು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾದು ನೋಡಿದೆ, ಉರಿಯಲಿಲ್ಲ. ಈಗ ಜೆಲ್ ಕಡಲೆಕಾಳಿನಷ್ಟು, ಅದೂ ಕೂದಲಿಗೆ ಮಾತ್ರ, ಚರ್ಮಕ್ಕೆ ತಾಗದ ಹಾಗೆ. ವ್ಯಾಕ್ಸ್ ಮುಂದಿನ ತುದಿಗಳಿಗಷ್ಟೇ. ಸ್ಪ್ರೇ ಒಂದು ಮೊಳ ದೂರದಿಂದ, ಕಣ್ಣು ಮುಚ್ಚಿ, ಒಂದೇ ಸಲ. ಜರಡಿಯ ಹತ್ತಿರ ಹೋಗುವಾಗ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ.

ಸಂಜೆ ತೆಗೆಯುವುದಕ್ಕೂ ಒಂದು ಕ್ರಮ ಬಂತು. ಸ್ಪ್ರೇ ಹಾಕಿದ ಕೂದಲನ್ನು ಒಣಗಿದ್ದಾಗ ಬಾಚಲು ಹೋದರೆ ಕೂದಲು ತುಂಡಾಗಿ ಬರುತ್ತದೆ, ಅದಕ್ಕೇ ಮೊದಲು ಬಾಚಣಿಗೆ ಮುಟ್ಟುವ ಹಾಗಿಲ್ಲ. ವ್ಯಾಕ್ಸ್ ನೀರಿಗೆ ಜಗ್ಗುವುದಿಲ್ಲ. ಆದ್ದರಿಂದ ನೀರು ಸೋಕಿಸುವ ಮೊದಲೇ ಮುಂದಿನ ತುದಿಗಳಿಗೆ ಕಂಡೀಷನರ್ ಹಚ್ಚಿ ಬೆರಳಲ್ಲಿ ತೀಡಿ ಸಡಿಲ ಮಾಡುವುದು. ಆಮೇಲೆ ಉಗುರುಬೆಚ್ಚಗಿನ ನೀರು. ಎರಡು ನಿಮಿಷ ಸುಮ್ಮನೆ ಕೂತರೆ ಜೆಲ್ಲು, ಸ್ಪ್ರೇ ಎರಡೂ ನೆನೆದು ಲೋಳೆಯಾಗುತ್ತವೆ. ಆಗ ಶ್ಯಾಂಪೂ, ಅಂಟು ಉಳಿದಿದ್ದರೆ ಇನ್ನೊಮ್ಮೆ, ಆಮೇಲೆ ಬೆರಳು ಜಾರದೆ ಕೂದಲು ಕೀರ್ ಎನ್ನುವವರೆಗೆ ನೀರು. ಅವ್ವ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಎಳೆದು, ಕಿವಿ ಹತ್ತಿರ ತಂದು ಕೇಳಿ, "ಹೂಂ, ಸರಿ" ಎಂದರೆ ಮುಗಿಯಿತು. ಒಂದು ಸಂಜೆಯೂ ತಪ್ಪಿಸಲಿಲ್ಲ. ನನ್ನ ನೆತ್ತಿ ಈಗ ಮಗುವಿನ ನೆತ್ತಿಯಷ್ಟು ನಯ. ಬೇಕಿದ್ದರೆ ಸಲೂನಿನವರನ್ನು ಕೇಳಿ, ಅವರು ಬಂದವರಿಗೆಲ್ಲ ನನ್ನನ್ನೇ ತೋರಿಸುತ್ತಾರೆ.

ದೀಪಾವಳಿಗೆ ಎರಡು ದಿನ ಇರುವಾಗ ಮುದಲಾಳಿ ಹರಾಜು ಮುಗಿದ ಮೇಲೆ ಕರೆದರು. ಕಂಪ್ಯೂಟರಿನ ಮುಂದೆ ಇಡುವ ಹಲಗೆ, ಅದರ ಮೇಲೆ ಮಂಡಿಯ ಹೆಸರು, ಅದರ ಕೆಳಗೆ ಹೊಸದಾಗಿ ಬರೆಸಿದ ನನ್ನ ಹೆಸರು. "ನಾಳೆಯಿಂದ ಇದನ್ನ ಇಟ್ಕೋಮ್ಮಾ," ಅಂದು ಹೊರಟುಹೋದರು. ಅದನ್ನು ಸೆರಗಿನಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದೆ. ಉತ್ತಮಪಾಳ್ಯದಿಂದ ಈಚೆಗೆ ಎಷ್ಟು ಸಲ ತೆರೆದು ನೋಡಿದೆನೋ.

ಅವ್ವನಿಗೆ ಓದು ಬಾರದು. ಹಲಗೆಯ ಮೇಲೆ ಬೆರಳಾಡಿಸಿ, "ಇದ್ರಲ್ಲಿ ಯಾವುದು ನೀನು?" ಎಂದು ಕೇಳಿದಳು. ತೋರಿಸಿದೆ. ಆ ಅಕ್ಷರಗಳ ಮೇಲೆ ಇನ್ನೊಮ್ಮೆ ಬೆರಳು ಎಳೆದಳು. ಆಮೇಲೆ ಎದ್ದು ಒಲೆಗೆ ಸೌದೆ ಇಟ್ಟಳು.

ಅವತ್ತು ಅವಳು ತಂಬಿಗೆ ಆನಿಸಲಿಲ್ಲ. ಎತ್ತರದಿಂದ ಹೊಯ್ದಳು. ನೀರು ನನ್ನ ತಲೆಯ ಮೇಲೆ ಬಿದ್ದು, ಕಲ್ಲಿನ ಮೇಲೆ ಬಿದ್ದು, ಬೀದಿಗೆಲ್ಲ ಕೇಳುವಷ್ಟು ಸದ್ದಾಯಿತು. "ಮೆಲ್ಲಗವ್ವಾ," ಅಂದೆ. ಅವಳಿಗೆ ಕೇಳಿಸಲೇ ಇಲ್ಲವೋ, ಕೇಳಿಸದಂತೆ ಮಾಡಿದಳೋ, ಎರಡನೆಯ ತಂಬಿಗೆ ಇನ್ನೂ ಜೋರಾಗಿ ಬಿತ್ತು.

ಅಂದುಕೊಂಡ ಹಾಗೆಯೇ ಆಯಿತು. ಎದುರುಮನೆಯಾಕೆ, ನಮಗೆ ದೂರದ ನೆಂಟಳು, ಸೆರಗು ತಲೆಗೆಳೆದುಕೊಂಡು ಗಾಬರಿಯಿಂದ ಬಂದಳು. ಗೋಡೆಯ ಆಚೆಯಿಂದಲೇ ಕೂಗಿದಳು.

"ಅಕ್ಕಾ! ಈ ಹೊತ್ತಲ್ಲಿ ತಲೆಗೆ ನೀರು! ಯಾರಕ್ಕಾ ಹೋಗ್ಬಿಟ್ರು?"

ಅವ್ವನ ಕೈ ನನ್ನ ನೊರೆ ತುಂಬಿದ ತಲೆಯ ಮೇಲಿತ್ತು. ಒಂದು ಕ್ಷಣ ಆ ಕೈ ನಿಂತಿತು. ಆಮೇಲೆ ಕೈ ಮತ್ತೆ ಉಜ್ಜತೊಡಗಿತು, ಅವ್ವನ ದನಿ ಬೀದಿ ದಾಟಿ ಹೋಗುವಷ್ಟು ಗಟ್ಟಿಯಾಗಿ ಬಂತು.

"ಯಾರೂ ಹೋಗಿಲ್ಲ ಕಣೇ. ನನ್ ಮಗ್ಳು ಕೆಲ್ಸ ಮುಗಿಸ್ಕೊಂಡ್ ಮನೆಗೆ ಬಂದವ್ಳೆ!"